ಸಿಪ್ಪೆ ಇದ್ದರೆ ಒಂದು ವಾರ, ಸುಲಿದರೆ ಮರುದಿನದ ಡಬ್ಬಿಗೆ

ಪ್ರಶ್ನೆ: ದಾವಣಗೆರೆಯಲ್ಲಿ ಇದ್ದೀವಿ. ಭಾನುವಾರ ರಾತ್ರಿ ಒಂದು ಡಜನ್ ಮೊಟ್ಟೆ ಬೇಯಿಸಿ, ಸುಲಿದು ಫ್ರಿಜ್‌ನಲ್ಲಿ ಇಟ್ಟುಬಿಟ್ಟರೆ ಶನಿವಾರದ ತನಕ ಮಗಳ ಡಬ್ಬಿಗೆ ಹಾಕಬಹುದಾ? ಬೆಳಿಗ್ಗೆ ಸುಲಿಯೋಕೆ ಟೈಮೇ ಸಿಗಲ್ಲ.

ಬೇಯಿಸಿ ಇಡಿ, ಸುಲಿದು ಇಡಬೇಡಿ. ಗಟ್ಟಿಯಾಗಿ ಬೆಂದ ಮೊಟ್ಟೆ ಸಿಪ್ಪೆಯ ಸಮೇತ ಫ್ರಿಜ್‌ನಲ್ಲಿ ಏಳು ದಿನ ಇರುತ್ತದೆ. ಸುಲಿದದ್ದನ್ನು ನಾನು ಮರುದಿನ ಖಾಲಿ ಮಾಡುತ್ತೇನೆ. ನಿಮ್ಮ ತೊಂದರೆ ಇರುವುದು ಬೆಳಗಿನ ಸುಲಿಯುವ ಕೆಲಸದಲ್ಲಿ ತಾನೆ? ಅದನ್ನು ಹಿಂದಿನ ರಾತ್ರಿಗೆ ತಳ್ಳಿ. ನಾಳೆಗೆ ಬೇಕಾದ ಒಂದೋ ಎರಡೋ ಮಾತ್ರ ಸುಲಿದು, ಸ್ವಲ್ಪ ಒದ್ದೆ ಮಾಡಿ ಹಿಂಡಿದ ಟಿಶ್ಯೂ ಪೇಪರ್ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನೊಳಗಿಡಿ. ಸುಮ್ನೆ ಬಿಟ್ಟರೆ ಬಿಳಿ ಭಾಗ ಒಣಗಿ ರಬ್ಬರ್ ಥರ ಆಗುತ್ತದೆ, ಫ್ರಿಜ್‌ನಲ್ಲಿರುವ ಈರುಳ್ಳಿ ವಾಸನೆಯನ್ನೂ ಹಿಡಿಯುತ್ತದೆ.

ಹಸಿ ಮೊಟ್ಟೆ ವಾರಗಟ್ಟಲೆ ಇರುವಾಗ ಬೆಂದದ್ದು ಯಾಕೆ ಬೇಗ ಕೆಡುತ್ತದೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಹಸಿ ಮೊಟ್ಟೆಯ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಲೇಪ ಇರುತ್ತದೆ, ಚಿಪ್ಪಿನ ಸಣ್ಣ ಸಣ್ಣ ತೂತುಗಳನ್ನು ಅದು ಮುಚ್ಚಿರುತ್ತದೆ. ಕುದಿಸಿದಾಗ ಆ ಲೇಪ ಹೋಗುತ್ತದೆ. ಕ್ರಿಮಿಗಳನ್ನು ತಡೆಯುವ ಶಕ್ತಿ ಹಸಿ ಬಿಳಿಭಾಗಕ್ಕೆ ಇರುತ್ತದೆ, ಬೆಂದ ಮೇಲೆ ಅದೂ ಇಲ್ಲ. ಹಾಗಾಗಿ ಬೆಂದ ಮೊಟ್ಟೆಗೆ ಉಳಿದ ಕಾವಲು ಅಂದರೆ ಆ ಚಿಪ್ಪು ಒಂದೇ. ಅದನ್ನೂ ತೆಗೆದರೆ ನಿಮ್ಮ ಕೈ, ಡಬ್ಬಿ, ಚಾಕು ಎಲ್ಲದರದ್ದೂ ನೇರವಾಗಿ ಅದಕ್ಕೆ ತಾಗುತ್ತದೆ.

ಆದರೆ ನಮ್ಮೂರಲ್ಲಿ ಮೊಟ್ಟೆ ಕೆಡುವುದು ಫ್ರಿಜ್‌ನಲ್ಲಿ ಅಲ್ಲ, ಸ್ಕೂಲ್ ಬ್ಯಾಗಿನಲ್ಲಿ. ಒಂದು ಏಪ್ರಿಲ್‌ನಲ್ಲಿ ನಾನು ಬೆಳಿಗ್ಗೆ ಬೇಯಿಸಿದ ಮೊಟ್ಟೆಯನ್ನು ಬಿಸಿ ಇರುವಾಗಲೇ ಸುಲಿದು, ಬಿಸಿ ಚಿತ್ರಾನ್ನದ ಮೇಲಿಟ್ಟು ಸ್ಟೀಲ್ ಡಬ್ಬಿ ಬಿಗಿಯಾಗಿ ಮುಚ್ಚಿದ್ದೆ. ಮಗ ತಿನ್ನದೆ ವಾಪಸ್ ತಂದ. ಸಂಜೆ ತೆರೆದರೆ ಮುಚ್ಚಳದ ಒಳಗೆಲ್ಲ ನೀರಿನ ಹನಿ, ಮೊಟ್ಟೆ ಮುಟ್ಟಿದರೆ ಲೋಳೆ ಲೋಳೆ, ಹುಳಿ ವಾಸನೆ. ತಪ್ಪು ನನ್ನದೇ. ಬೆಳಿಗ್ಗೆ ಎಂಟಕ್ಕೆ ಮುಚ್ಚಿದ್ದು, ಊಟದ ಬೆಲ್ ಒಂದೂ ಹತ್ತಕ್ಕೆ. ಐದು ಗಂಟೆ ದಾಟಿತು. ಬೆಂದ ಮೊಟ್ಟೆಯನ್ನು ಫ್ರಿಜ್ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬಾರದು, 32 ಡಿಗ್ರಿ ದಾಟಿದ ಬಿಸಿಲಲ್ಲಿ ಒಂದೇ ಗಂಟೆ. ನಮ್ಮ ಬೇಸಿಗೆ ಎಷ್ಟಿರುತ್ತದೆ ಅಂತ ನಿಮಗೆ ಹೇಳಬೇಕಾ!

ಈಗ ನಾನು ಮಾಡುವುದು ಹೀಗೆ. ಅರ್ಧ ಲೀಟರ್ ಬಾಟಲಿಗೆ ಮುಕ್ಕಾಲು ಭಾಗ ನೀರು ತುಂಬಿ ರಾತ್ರಿ ಫ್ರೀಜರ್‌ನಲ್ಲಿಡುತ್ತೇನೆ. ಪೂರ್ತಿ ತುಂಬಿದರೆ ಐಸ್ ಆಗುವಾಗ ಬಾಟಲಿ ಉಬ್ಬಿ ಬಿರಿಯುತ್ತದೆ. ಬೆಳಿಗ್ಗೆ ಫ್ರಿಜ್‌ನಿಂದ ತೆಗೆದ ತಣ್ಣನೆ ಮೊಟ್ಟೆಯನ್ನು ಪುಟ್ಟ ಡಬ್ಬಿಗೆ ಹಾಕಿ, ಆ ಬಾಟಲಿಗೆ ಒತ್ತಿ, ಎರಡನ್ನೂ ಸೇರಿಸಿ ಟವೆಲ್ ಸುತ್ತಿ, ಒಳಗೆ ಬೆಳ್ಳಿ ಹಾಳೆ ಇರುವ ಊಟದ ಬ್ಯಾಗಿಗೆ ಹಾಕುತ್ತೇನೆ. ಅನ್ನದ ಡಬ್ಬಿ ಬೇರೆ ಬ್ಯಾಗಲ್ಲಿ. ಬಿಸಿ ಉಪ್ಪಿಟ್ಟಿನ ಪಕ್ಕ ತಣ್ಣನೆ ಮೊಟ್ಟೆ ಇಟ್ಟರೆ ಮಾಡಿದ್ದೆಲ್ಲ ದಂಡ. ಒಂದು ರಜೆ ದಿನ ಇದೇ ಬ್ಯಾಗನ್ನು ಫ್ಯಾನ್ ಹಾಕದೆ ಹಾಲ್‌ನಲ್ಲಿಟ್ಟು ಮಧ್ಯಾಹ್ನ ಒಂದು ಗಂಟೆಗೆ ತೆರೆದು ನೋಡಿದೆ, ಬಾಟಲಿಯಲ್ಲಿ ಇನ್ನೂ ಐಸ್ ಗಡ್ಡೆ ಇತ್ತು. ನಿಮ್ಮ ಬ್ಯಾಗಲ್ಲೂ ಒಮ್ಮೆ ಹೀಗೇ ನೋಡಿಕೊಳ್ಳಿ. ಐಸ್ ಪೂರ್ತಿ ಕರಗಿ ನೀರು ಬೆಚ್ಚಗಾಗಿದ್ದರೆ ಆ ಬ್ಯಾಗ್ ಊಟದ ಹೊತ್ತಿನ ತನಕ ತಡೆಯುವುದಿಲ್ಲ.

ಬಾಟಲಿಯ ರಗಳೆ ಬೇಡ ಅಂದರೆ ಮೊಟ್ಟೆಯನ್ನು ಊಟಕ್ಕೆ ಕೊಡಬೇಡಿ, ಮನೆಯಲ್ಲಿ ತಿಂಡಿಯ ಜೊತೆಗೇ ತಿನ್ನಿಸಿ ಕಳಿಸಿ. ಬೇಸಿಗೆಯಲ್ಲಿ ನಾನು ಎಷ್ಟೋ ದಿನ ಹಾಗೇ ಮಾಡುತ್ತೇನೆ. ಡಬ್ಬಿಗೆ ಹಾಕುವುದಾದರೆ ಇಡೀ ಮೊಟ್ಟೆಯನ್ನೇ ಹಾಕಿ, ಹೆಚ್ಚಬೇಡಿ. ಉಪ್ಪು, ಕಾಳುಮೆಣಸಿನ ಪುಡಿ ಸಣ್ಣ ಪೊಟ್ಟಣದಲ್ಲಿ ಕಟ್ಟಿ. ಮೊದಲೇ ಉದುರಿಸಿದರೆ ನೀರು ಬಿಡುತ್ತದೆ.

ಇನ್ನು ಸುಲಿಯುವ ವಿಷಯ. ಹತ್ತು ನಿಮಿಷ ಒದ್ದಾಡುತ್ತಿದ್ದೀರಿ ಅಂದರೆ ಮೊಟ್ಟೆ ತುಂಬಾ ತಾಜಾ ಇರಬೇಕು. ಹಳ್ಳಿಯಿಂದ ನಮ್ಮತ್ತೆ ಕಳಿಸುವ ನಾಟಿ ತತ್ತಿ (ನಮ್ಮ ಕಡೆ ಹಾಗೇ ಅನ್ನೋದು) ಬಂದ ದಿನವೇ ಬೇಯಿಸಿದರೆ ಚಿಪ್ಪಿನ ಜೊತೆ ಅರ್ಧ ಬಿಳಿಭಾಗವೂ ಕಿತ್ತು ಬರುತ್ತದೆ. ಹೊಸ ಮೊಟ್ಟೆಯ ಒಳಪೊರೆ ಬಿಳಿಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ದಿನ ಕಳೆದಂತೆ ಚಿಪ್ಪಿನ ತೂತುಗಳಿಂದ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಅಂಗಡಿಯಿಂದ ತಂದ ಟ್ರೇಯನ್ನು ಐದಾರು ದಿನ ಫ್ರಿಜ್‌ನಲ್ಲಿಟ್ಟು ಆಮೇಲೆ ಬೇಯಿಸುತ್ತೇನೆ.

ತಣ್ಣೀರಲ್ಲಿ ಹಾಕಿ ಒಲೆ ಹಚ್ಚುವ ಬದಲು, ನೀರು ಕುದಿಯಲು ಬಿಟ್ಟು ಆಮೇಲೆ ಸೌಟಿನಲ್ಲಿ ಒಂದೊಂದೇ ಮೆಲ್ಲಗೆ ಇಳಿಸಿ. ಉರಿ ಸಣ್ಣಗೆ ಮಾಡಿ ಹನ್ನೆರಡು ನಿಮಿಷ. ಹೀಗೆ ಬೇಯಿಸಿದರೆ ಪೊರೆ ಅಂಟುವುದು ಕಡಿಮೆ. ಹಳದಿ ಪೂರ್ತಿ ಗಟ್ಟಿಯಾಗಿರಬೇಕು, ಅರ್ಧ ಬೆಂದದ್ದು ಇಟ್ಟು ತಿನ್ನುವುದಕ್ಕೆ ಅಲ್ಲ. ಜಾಸ್ತಿ ಬೇಯಿಸಿದರೆ ಹಳದಿಯ ಸುತ್ತ ಹಸಿರು ಬೂದು ಬಳೆ ಬರುತ್ತದೆ, ಅದು ಬಿಳಿಭಾಗದ ಗಂಧಕ ಹಳದಿಯ ಕಬ್ಬಿಣಕ್ಕೆ ಸೇರಿ ಆದದ್ದು. ಕೆಟ್ಟಿದೆ ಅಂತ ಎಸೆಯಬೇಡಿ. ಡಬ್ಬಿ ತೆಗೆದ ಕೂಡಲೇ ಬರುವ ಮೊಟ್ಟೆ ವಾಸನೆಯೂ ಗಂಧಕದ್ದೇ, ಎರಡು ನಿಮಿಷ ತೆರೆದಿಟ್ಟರೆ ಹೋಗುತ್ತದೆ. ಹುಳಿ ವಾಸನೆ ಬಂದರೆ, ಬೆರಳಿಗೆ ಲೋಳೆ ಅಂಟಿದರೆ ಎಸೆಯಿರಿ. ವಾಸನೆ ಇಲ್ಲದ ಮಾತ್ರಕ್ಕೆ ಚೆನ್ನಾಗಿದೆ ಅಂತಲೂ ಅಲ್ಲ. ಐದು ಗಂಟೆ ಬಿಸಿಲಲ್ಲಿದ್ದ ಮೊಟ್ಟೆ ನೋಡಲು ಚೆನ್ನಾಗೇ ಇದ್ದರೂ ನಾನು ಕೊಡುವುದಿಲ್ಲ.

ಬೆಂದ ಕೂಡಲೇ ತಣ್ಣೀರಿಗೆ ಹಾಕುವುದು ಗೊತ್ತೇ ಇದೆ. ಆದರೆ ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರು ನಲ್ಲಿಯಿಂದಲೇ ಬಿಸಿಯಾಗಿ ಬರುತ್ತದೆ, ಅದರಲ್ಲಿ ಏನು ತಣ್ಣಗಾಗುತ್ತದೆ? ಕುಡಿಯುವ ನೀರಿಗೆ ಐಸ್ ಹಾಕಿ ಕಾಲು ಗಂಟೆ ಬಿಡಿ. ಕುಡಿಯುವ ನೀರೇ ಆಗಬೇಕು, ಯಾಕೆಂದರೆ ಬಿಸಿ ಮೊಟ್ಟೆ ತಣ್ಣಗಾಗುವಾಗ ಸುತ್ತಲಿನ ನೀರನ್ನು ತೂತುಗಳ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಒರೆಸಿ ಫ್ರಿಜ್‌ನ ಒಳಗಿನ ಅರೆಯಲ್ಲಿಡಿ. ಬಾಗಿಲಿನಲ್ಲಿ ಬೇಡ, ಅಲ್ಲಿ ಸಾರಿ ಸಾರಿಗೂ ಬಿಸಿಗಾಳಿ ತಾಗುತ್ತದೆ. ಬೇಯುವಾಗ ಬಿರುಕು ಬಿಟ್ಟದ್ದನ್ನು ಅವತ್ತೇ ತಿಂದುಬಿಡಿ.

ಸುಲಿಯುವಾಗ ದಪ್ಪ ತುದಿಯಿಂದ ಶುರು ಮಾಡಿ, ಅಲ್ಲಿ ಗಾಳಿ ಜಾಗ ಇರುತ್ತದೆ. ಅಲ್ಲಿ ಕುಟ್ಟಿ ಪೊರೆಯ ಕೆಳಗೆ ಹೆಬ್ಬೆರಳು ತೂರಿಸಿ, ಸಣ್ಣ ನಲ್ಲಿ ನೀರಿನ ಕೆಳಗೆ ಹಿಡಿದು ತಿರುಗಿಸಿದರೆ ಸಲೀಸಾಗಿ ಬರುತ್ತದೆ. ಚಿಪ್ಪಿನ ಮೇಲೆ ಪೆನ್ಸಿಲ್‌ನಲ್ಲಿ ಬೇಯಿಸಿದ ದಿನ ಬರೆದಿಡಿ, ಹಸಿದರ ಜೊತೆ ಬೆರೆತು ಹೋಗುವುದೂ ತಪ್ಪುತ್ತದೆ. ನನ್ನ ಫ್ರಿಜ್‌ನಲ್ಲಿ "ಭಾನು" ಅಂತ ಬರೆದದ್ದು ಶನಿವಾರ ರಾತ್ರಿ ಇನ್ನೂ ಉಳಿದಿದ್ದರೆ ಅವತ್ತೇ ಮೊಟ್ಟೆ ಸಾರಿಗೆ ಹಾಕುತ್ತೇನೆ.