ಸಿಗಲಿಲ್ಲ ಎನ್ನುವುದು ಬೇರೆ, ಸಿಗುವುದೇ ಇಲ್ಲ ಎನ್ನುವುದು ಬೇರೆ

ಎಂ.ಎಸ್ಸಿ. ಗಣಿತದ ವಿದ್ಯಾರ್ಥಿಗಳಿಗೆ ಓದಿನ ವಿಷಯದಲ್ಲಿ ಆಪ್ತಸಲಹೆ ಕೊಡುವಾಗ, ಲಾಜಿಕ್ ಪತ್ರಿಕೆ ಇರುವ ಸೆಮಿಸ್ಟರಿನಲ್ಲಿ ಒಂದೇ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ. ಈ ಬಾರಿ ಬಂದವಳನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ಹೆಸರು, ಊರು ಎಲ್ಲವನ್ನೂ ಬದಲಿಸಿದ್ದೇನೆ. ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲ, ತನ್ನ ತಲೆಗೆ ಈ ವಿಷಯ ಹತ್ತುವುದಿಲ್ಲ, ಪತ್ರಿಕೆಯನ್ನೇ ಬಿಟ್ಟುಬಿಡುತ್ತೇನೆ ಎಂದಳು. ಕೈಯಲ್ಲಿ ಎರಡು ನೋಟ್‌ಬುಕ್ ಇದ್ದವು, ಎರಡೂ ತುಂಬಿದ್ದವು.

ಅವಳಿಗೆ ಕೊಟ್ಟಿದ್ದ ಅಸೈನ್‌ಮೆಂಟ್ ಸಣ್ಣದು. ಮೂರು ಮೂಲಸೂತ್ರಗಳು, ಒಂದೇ ನಿಯಮ; → ಎಂದರೆ ‘ಹೀಗಿದ್ದರೆ ಹಾಗೆ’, ¬ ಎಂದರೆ ‘ಅಲ್ಲ’:

```
A1: p → (q → p)
A2: (p → (q → r)) → ((p → q) → (p → r))
A3: (¬p → ¬q) → (q → p)
ನಿಯಮ: X ಮತ್ತು X → Y ಇದ್ದರೆ Y
```

A3 ಉಳಿದೆರಡರಿಂದ ಸ್ವತಂತ್ರ, ಅಂದರೆ A1, A2 ಎರಡನ್ನೇ ಇಟ್ಟುಕೊಂಡು ಈ ನಿಯಮದಿಂದ A3 ಅನ್ನು ಪಡೆಯಲಾಗದು ಎಂದು ತೋರಿಸಬೇಕಿತ್ತು. ಮೊದಲ ನೋಟ್‌ಬುಕ್ಕಿನಲ್ಲಿ ಅವಳು A3 ಅನ್ನು ಪಡೆಯಲು ಹೋಗಿ ಸೋತಿದ್ದಳು. ಎರಡನೆಯದರಲ್ಲಿ A1, A2 ನಿಜವಾಗಿ A3 ಸುಳ್ಳಾಗುವ ಸಾಲನ್ನು ಟ್ರೂತ್ ಟೇಬಲ್‌ನಲ್ಲಿ ಹುಡುಕಿ ಸೋತಿದ್ದಳು. ಎರಡೂ ದಾರಿ ಮುಚ್ಚಿದ ಮೇಲೆ ತಪ್ಪು ತನ್ನದೇ ಇರಬೇಕು ಎಂದುಕೊಂಡಿದ್ದಳು.

ಅವಳ ಮನೆಯ ಸ್ಥಿತಿ, ಹಾಸ್ಟೆಲ್ಲಿನ ಗಲಾಟೆ ಇವನ್ನೆಲ್ಲ ಕೇಳಿದೆ. ಆದರೆ ನಿದ್ದೆ ಕೆಡಿಸಿದ್ದು ಅವಲ್ಲ, ಈ ಲೆಕ್ಕವೇ. ಹಾಗಾಗಿ ಎರಡನೇ ಭೇಟಿಯಲ್ಲಿ ಲೆಕ್ಕವನ್ನೇ ಮೇಜಿನ ಮೇಲಿಟ್ಟುಕೊಂಡು ಕೂತೆವು.

ಮೊದಲು, ಅವಳಿಗೆ ಪಿಯುಸಿಯಿಂದಲೇ ಗೊತ್ತಿದ್ದ ಒಂದು ಪ್ರಶ್ನೆ. R ಎಂಬ ಸಂಬಂಧ ಸಿಮೆಟ್ರಿಕ್, ಟ್ರಾನ್ಸಿಟಿವ್ ಎರಡೂ ಆಗಿದ್ದರೆ ಅದು ರಿಫ್ಲೆಕ್ಸಿವ್ ಆಗಲೇಬೇಕೇ, ಅಂದರೆ ಪ್ರತಿ ವಸ್ತುವಿಗೂ ತನ್ನೊಡನೆಯೇ ಸಂಬಂಧ ಇರಲೇಬೇಕೇ? aಗೆ bಯೊಡನೆ ಸಂಬಂಧವಿದ್ದರೆ bಗೂ aಯೊಡನೆ ಇದೆ, ಆದ್ದರಿಂದ aಗೆ aಯೊಡನೆಯೂ ಇದೆ ಎಂದು ಬಹಳ ಮಂದಿ ಸಾಧಿಸಿಬಿಡುತ್ತಾರೆ. ಅಂಥ ಒಂದು b ಇದ್ದೇ ಇದೆ ಎಂದು ಯಾರೂ ಹೇಳಿಲ್ಲ ಎನ್ನುವುದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಸುಮಾ ತಡಮಾಡದೆ ಉತ್ತರ ಬರೆದಳು: 1, 2 ಎಂಬ ಎರಡೇ ವಸ್ತುಗಳು, R ಎಂದರೆ (1,1) ಜೋಡಿ ಮಾತ್ರ. ಸಿಮೆಟ್ರಿಕ್ ಹೌದು, ಟ್ರಾನ್ಸಿಟಿವ್ ಹೌದು, ಆದರೆ (2,2) ಇಲ್ಲ.

“ಇದರಿಂದ ಏನು ಸಾಬೀತಾಯಿತು?” ಎಂದು ಕೇಳಿದೆ.

“ರಿಫ್ಲೆಕ್ಸಿವ್ ಅನ್ನೋದು ಆ ಎರಡರ ಪರಿಣಾಮ ಅಲ್ಲ ಅಂತ, ಮೇಡಂ.”

“ಸರಿ. ಆ ಎರಡರಿಂದ ಅದನ್ನು ಸಾಧಿಸೋಕೆ ಆಗಲ್ಲ ಅಂತಲೂ ಆಯಿತಾ?”

ಇಲ್ಲಿ ಅವಳು ತಡವರಿಸಿದಳು. ಒಳಗೆ ಬೆರೆತುಹೋಗಿದ್ದ ಎರಡು ಮಾತುಗಳು ಬೇರೆಯಾಗಬೇಕಾದದ್ದು ಇಲ್ಲಿಯೇ. ⊨, ಅಂದರೆ ಪರಿಣಾಮ ಎನ್ನುವುದು ಮಾದರಿಗಳ ಮಾತು, ವಾಕ್ಯಗಳು ನಿಜವೋ ಸುಳ್ಳೋ ಎಂದು ನೋಡಬಹುದಾದ, ಸುಮಾಳ ಎರಡು ವಸ್ತುಗಳಂಥ ಉದಾಹರಣೆಗಳ ಮಾತು: ಆಧಾರವಾಕ್ಯಗಳು ನಿಜವಾದ ಕಡೆಯಲ್ಲೆಲ್ಲ ಇದೂ ನಿಜ. ⊢, ಅಂದರೆ ಸಾಧನೆ ಎನ್ನುವುದು ಕಾಗದದ ಮೇಲಿನ ಸಾಲುಗಳ ಮಾತು: ಈ ವಾಕ್ಯಗಳಿಂದ ಹೊರಟು, ಕೊಟ್ಟ ನಿಯಮಗಳನ್ನು ಮಾತ್ರ ಬಳಸಿ, ಲೆಕ್ಕವಿಡಬಹುದಾದಷ್ಟು ಹೆಜ್ಜೆಗಳಲ್ಲಿ ಇಲ್ಲಿಗೆ ತಲುಪಬಹುದು. ಮೊದಲನೆಯದರಲ್ಲಿ ಹೆಜ್ಜೆಗಳಿಲ್ಲ, ಎರಡನೆಯದರಲ್ಲಿ ನಿಜ-ಸುಳ್ಳಿಲ್ಲ. ಎರಡರ ನಡುವಿನ ಸೇತುವೆ ಇಷ್ಟೇ: ನಿಯಮದ ಪ್ರತಿ ಹೆಜ್ಜೆಯೂ ಆ ಮಾದರಿಯಲ್ಲಿ ನಿಜವನ್ನು ಉಳಿಸಿಕೊಳ್ಳುತ್ತದೆ. ಹೊರಡುವಾಗ ನಿಜವಿದ್ದರೆ ಎಷ್ಟು ಸಾವಿರ ಸಾಲು ಬರೆದರೂ ಕೊನೆಯ ಸಾಲು ನಿಜವೇ. ರಿಫ್ಲೆಕ್ಸಿವ್ ಎಂಬ ವಾಕ್ಯ ಸುಮಾಳ ಎರಡು ವಸ್ತುಗಳ ಮಾದರಿಯಲ್ಲಿ ಸುಳ್ಳು. ಆದ್ದರಿಂದ ಅದು ಯಾವ ಸಾಧನೆಯ ಕೊನೆಯ ಸಾಲೂ ಆಗಲಾರದು. ಎರಡು ನೋಟ್‌ಬುಕ್ ಸೋಲು ಹೇಳಲಾಗದ್ದನ್ನು ಒಂದು ಮಾದರಿ ಹೇಳುತ್ತದೆ. ನನಗೆ ಸಿಗಲಿಲ್ಲ ಎಂಬುದರಿಂದ ಯಾರಿಗೂ ಸಿಗುವುದಿಲ್ಲ ಎಂದಾಗುವುದಿಲ್ಲ. ಮಾದರಿ ಇದ್ದರೆ ಆಗುತ್ತದೆ.

ಇಷ್ಟು ಹೇಳಿದ ಮೇಲೆ ಅವಳು ಕೇಳಿದ ಪ್ರಶ್ನೆಯ ಸಲುವಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

“ಆದ್ರೆ ಮೇಡಂ, A3 ಯಾವಾಗಲೂ ನಿಜ ಅಲ್ವಾ? ಟೇಬಲ್‌ನ ನಾಲ್ಕೂ ಸಾಲಲ್ಲಿ 1 ಬರುತ್ತೆ. ಅದು ಸುಳ್ಳಾಗೋ ಮಾದರಿ ನಾನು ಎಲ್ಲಿಂದ ತರಲಿ?”

ಅವಳು ಹೇಳಿದ್ದು ಸರಿ. A3 ಎಲ್ಲೆಡೆ ನಿಜವಾದ್ದರಿಂದ ಅದು A1, A2ಗಳ ಪರಿಣಾಮವೂ ಹೌದು. ಹಾಗೆ ನೋಡಿದರೆ ಏನೂ ಇಲ್ಲದ ಆಧಾರದ ಪರಿಣಾಮವೂ ಹೌದು. ⊨ ಇದೆ. ಆದರೂ ⊢ ಇಲ್ಲ. ಪರಿಣಾಮವಾದದ್ದನ್ನೆಲ್ಲ ಸಾಧಿಸಬಹುದು ಎಂಬ ಪೂರ್ಣತೆಯ ಪ್ರಮೇಯವನ್ನು ಅವಳು ಓದಿದ್ದಳು. ವಾಕ್ಯಗಳ ಲಾಜಿಕ್‌ಗೆ ಅದನ್ನು 1921ರಲ್ಲಿ ಎಮಿಲ್ ಪೋಸ್ಟ್ ಪ್ರಕಟಿಸಿದರು. ಆದರೆ ಅದು ಸಾಕಷ್ಟು ಮೂಲಸೂತ್ರಗಳಿರುವ ಪದ್ಧತಿಗೆ ಕೊಟ್ಟ ಭರವಸೆ. ಇಲ್ಲಿ A3 ಅನ್ನು ತೆಗೆದೊಡನೆ ಆ ಭರವಸೆಯೂ ಹೋಗುತ್ತದೆ. ಸುಮಾ ಮೂರು ಸೂತ್ರಗಳ ಭರವಸೆಯನ್ನು ನಂಬಿಕೊಂಡು ಎರಡು ಸೂತ್ರಗಳ ಮನೆಯಲ್ಲಿ ಹುಡುಕುತ್ತಿದ್ದಳು.

ಆಗ ಕೇಳಿದೆ: “¬ ಎಂಬ ಗುರುತು A1, A2ರಲ್ಲಿ ಎಲ್ಲಿದೆ?”

ಎಲ್ಲಿಯೂ ಇಲ್ಲ. ಅದನ್ನು ‘ಅಲ್ಲ’ ಎಂದೇ ಓದಬೇಕೆಂದು ಆ ಎರಡು ಸೂತ್ರಗಳು ಹೇಳುವುದಿಲ್ಲ, ನಿಯಮವೂ ಹೇಳುವುದಿಲ್ಲ. ಹಾಗಿದ್ದರೆ ಬೇರೆ ಥರ ಓದೋಣ: ¬p ಬೆಲೆ pಯ ಬೆಲೆಯೇ ಇರಲಿ. ¬0 ಎಂದರೆ 0, ¬1 ಎಂದರೆ 1. → ಮಾತ್ರ ಎಂದಿನಂತೆ: ಎಡಕ್ಕೆ 1, ಬಲಕ್ಕೆ 0 ಇದ್ದಾಗಷ್ಟೇ 0, ಉಳಿದಂತೆ 1.

```
p q | ¬p→¬q | q→p | A3
1 1 |   1   |  1  | 1
1 0 |   0   |  1  | 1
0 1 |   1   |  0  | 0
0 0 |   1   |  1  | 1
```

ಮೂರನೇ ಸಾಲು ಬರೆದು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ, “ಹೀಗೆ ಓದಬಹುದಾ?” ಎಂದಳು.

ಓದಬಹುದು, ಆದರೆ ಲೆಕ್ಕ ಒಪ್ಪಿಸಬೇಕು. A1 ನಾಲ್ಕು ಸಾಲಿನಲ್ಲೂ, A2 ಎಂಟು ಸಾಲಿನಲ್ಲೂ 1 ಆಗಬೇಕು. → ಬದಲಾಗಿಲ್ಲವಾದ್ದರಿಂದ ಆಗುತ್ತದೆ. pಯ ಜಾಗದಲ್ಲಿ ¬ ಇರುವ ಉದ್ದನೆಯ ಸೂತ್ರವನ್ನಿಟ್ಟರೂ ಅದರ ಬೆಲೆ 0 ಅಥವಾ 1, ಆದ್ದರಿಂದ ಅದೇ ಸಾಲುಗಳು ಸಾಕು. ಕೊನೆಗೆ ನಿಯಮ: Xಗೆ 1, X → Yಗೆ 1 ಇದ್ದರೆ Yಗೂ 1 ಬರುತ್ತದೆಯೇ? ಬರುತ್ತದೆ. ಹಾಗಾದರೆ A1, A2ಗಳಿಂದ ಹುಟ್ಟುವ ಪ್ರತಿ ಸಾಲೂ ಈ ಓದಿನಲ್ಲಿ ಸದಾ 1, A3 ಹಾಗಲ್ಲ. ಆದ್ದರಿಂದ A3 ಅಲ್ಲಿಂದ ಹುಟ್ಟುವುದಿಲ್ಲ. ನಿಯಮವನ್ನು ಪರೀಕ್ಷಿಸುವ ಈ ಕೊನೆಯ ಹೆಜ್ಜೆಯನ್ನು ಉತ್ತರಪತ್ರಿಕೆಗಳಲ್ಲಿ ಬಹುಪಾಲು ಮಂದಿ ಬಿಟ್ಟುಬಿಡುತ್ತಾರೆ. ಸೇತುವೆಯೇ ಅದು. ಎಂದಿನ ಓದಿನಲ್ಲಿ ಅದನ್ನು ಪುಸ್ತಕವೇ ಕಟ್ಟಿಕೊಟ್ಟಿರುತ್ತದೆ, ಹೊಸ ಓದಿನಲ್ಲಿ ನಾವೇ ಕಟ್ಟಬೇಕು.

‘ಅಲ್ಲ’ ಎಂಬುದಕ್ಕೆ ‘ಹೌದು’ ಎಂದು ಅರ್ಥ ಹೇಳಿಕೊಟ್ಟರೆ ಮಕ್ಕಳು ಇನ್ನಷ್ಟು ಗೊಂದಲಕ್ಕೆ ಬೀಳುತ್ತಾರೆ ಎಂದು ಕೆಲವು ಅಧ್ಯಾಪಕರು ಆಕ್ಷೇಪಿಸುತ್ತಾರೆ. ನಾನು ಒಪ್ಪುವುದಿಲ್ಲ. ಗುರುತಿಗೆ ಅರ್ಥ ಅಂಟಿಕೊಂಡೇ ಇರುತ್ತದೆ ಎಂಬ ನಂಬಿಕೆಯೇ ಗೊಂದಲದ ಬೇರು, ಅದನ್ನು ಒಮ್ಮೆ ಕಿತ್ತು ತೋರಿಸಲೇಬೇಕು. ಪೌಲ್ ಬೆರ್ನೈಸ್ 1918ರ ತಮ್ಮ ಪ್ರಬಂಧದಲ್ಲಿ ಇಂಥ ಟೇಬಲ್‌ಗಳಿಂದಲೇ ಮೂಲಸೂತ್ರಗಳ ಸ್ವಾತಂತ್ರ್ಯವನ್ನು ತೋರಿಸಿದರು. ರಸೆಲ್ ಮತ್ತು ವೈಟ್‌ಹೆಡ್ ಇಟ್ಟುಕೊಂಡಿದ್ದ ಐದು ಸೂತ್ರಗಳಲ್ಲಿ ಒಂದನ್ನು ಉಳಿದವುಗಳಿಂದಲೇ ಪಡೆಯಬಹುದು ಎಂಬುದೂ ಅಲ್ಲೇ ತಿಳಿದುಬಂತು. ಎರಡು ಕೆಲಸಗಳೂ ಜೊತೆಜೊತೆಗೆ ನಡೆದವು ಎನ್ನುವುದನ್ನು ಗಮನಿಸಿ.

ಸುಮಾಗೆ ಕೊಟ್ಟ ಸಲಹೆಗೂ ಅದೇ ಆಧಾರ. ಸಾಧನೆಯ ಹುಡುಕಾಟಕ್ಕೆ ಎರಡು ದಿನ, ಅಲ್ಲಿಗೆ ನಿಲ್ಲಿಸಿ ಮಾದರಿಯ ಹುಡುಕಾಟಕ್ಕೆ ಎರಡು ದಿನ, ಮತ್ತೆ ಅದಲುಬದಲು. ಮಾದರಿ ಯಾಕೆ ಕೂಡಿಬರುತ್ತಿಲ್ಲ ಎಂಬುದರಲ್ಲೇ ಎಷ್ಟೋ ಸಲ ಸಾಧನೆಯ ಸುಳಿವಿರುತ್ತದೆ. ಇದು ಬೇಗ ಕೈಚೆಲ್ಲುವುದನ್ನು ಕಲಿಸಿದಂತೆ ಎಂದು ದೂರಿದವರಿದ್ದಾರೆ. ಯೂಕ್ಲಿಡ್‌ನ ಐದನೇ ಆಧಾರತತ್ತ್ವವನ್ನು ಉಳಿದವುಗಳಿಂದ ಸಾಧಿಸಲು ಶತಮಾನಗಳ ಕಾಲ ದೊಡ್ಡ ದೊಡ್ಡವರೇ ಹೆಣಗಿದರು. 1868ರಲ್ಲಿ ಬೆಲ್ಟ್ರಾಮಿ ಮಾದರಿಗಳನ್ನು ಮುಂದಿಟ್ಟ ಮೇಲೆಯೇ ಆ ಪ್ರಯತ್ನ ಕೈಗೂಡುವಂಥದ್ದಲ್ಲ ಎಂದು ಸ್ಪಷ್ಟವಾಯಿತು. ಬುದ್ಧಿಯಲ್ಲಿ ಅವರಿಗೆ ಕೊರತೆಯಿರಲಿಲ್ಲ. ಸುಮಾಗೂ ಇರಲಿಲ್ಲ.

ಒಂದು ಮಿತಿಯನ್ನೂ ಹೇಳಿ ಕಳಿಸಿದೆ. ಸಂಬಂಧಗಳ ಲೆಕ್ಕದಲ್ಲಿ ಒಂದು, ಎರಡು, ಮೂರು ವಸ್ತುಗಳ ಮಾದರಿಗಳನ್ನು ಮೊದಲು ನೋಡಬೇಕು, ಆದರೆ ಅಲ್ಲಿ ಸಿಗಲಿಲ್ಲವೆಂದು ಇಲ್ಲವೇ ಇಲ್ಲ ಎನ್ನಬಾರದು. ಯಾವುದೂ ತನಗಿಂತ ತಾನು ಚಿಕ್ಕದಲ್ಲ, ‘ಚಿಕ್ಕದು’ ಟ್ರಾನ್ಸಿಟಿವ್, ಪ್ರತಿಯೊಂದಕ್ಕೂ ಅದಕ್ಕಿಂತ ದೊಡ್ಡದೊಂದಿದೆ ಎಂಬ ಮೂರನ್ನೂ ಸೇರಿಸಿದರೆ ಎಷ್ಟು ವಸ್ತುಗಳನ್ನು ತಂದರೂ ಸಾಲದು. 0, 1, 2 ಎಂದು ಮುಗಿಯದೆ ಸಾಗುವ ಸಂಖ್ಯೆಗಳೇ ಬೇಕು.

ಮನೆಗೆಲಸವಾಗಿ ಪಿಯರ್ಸ್ ಸೂತ್ರ ಕೊಟ್ಟೆ: ((p → q) → p) → p. ಇದೂ ಸದಾ ನಿಜ, ಇದನ್ನೂ A1, A2ಗಳಿಂದ ಪಡೆಯಲಾಗದು. ಆದರೆ ಇದರಲ್ಲಿ ¬ ಇಲ್ಲ, ಹಳೆಯ ಉಪಾಯ ನಡೆಯದು. → ಅನ್ನೇ ಬದಲಿಸಬೇಕು: 0, ½, 1 ಎಂದು ಮೂರು ಬೆಲೆ, 1 ಮಾತ್ರ ನಿಜ. p ಬೆಲೆ qಗಿಂತ ಹೆಚ್ಚಿಲ್ಲದಿದ್ದರೆ p → qಗೆ 1, ಹೆಚ್ಚಿದ್ದರೆ qಯ ಬೆಲೆಯೇ. p = ½, q = 0 ಇಟ್ಟರೆ p → q ಸೊನ್ನೆ, 0 → ½ ಒಂದು, 1 → ½ ಅರ್ಧ. ಸೂತ್ರ 1 ಮುಟ್ಟಲಿಲ್ಲ. A2 ಪರೀಕ್ಷೆಗೆ ಈಗ 27 ಸಾಲು.

ಮುಂದಿನ ವಾರ ಅವಳು 27 ಸಾಲನ್ನೂ ಬರೆದು ತಂದಳು. ನಿದ್ದೆ ಬರುತ್ತಿದೆ ಎಂದಳು. ಎಲ್ಲೋ ನೋಡಿದ್ದ ಇನ್ನೊಂದು ಟೇಬಲ್ ನೆನಪಿನಲ್ಲಿ ಬೆರೆತು ½ → 0 ಎಂಬಲ್ಲಿ 0 ಬದಲು ½ ಹಾಕಿದ್ದಳು. ಹಾಗೆ ಮಾಡಿದರೂ ಪಿಯರ್ಸ್ ಸೂತ್ರ ಅರ್ಧಕ್ಕೇ ನಿಲ್ಲುತ್ತದೆ, ಉತ್ತರ ಸರಿಬಂದಂತೆ ಕಾಣುತ್ತದೆ. ಆದರೆ p = q = ½, r = 0 ಎಂಬ ಸಾಲಿನಲ್ಲಿ A2 ಕೂಡ ½ ಆಗಿತ್ತು. ಆಧಾರವೇ ನಿಲ್ಲದ ಮಾದರಿ ಏನನ್ನೂ ಸಾಧಿಸುವುದಿಲ್ಲ. ಆ ಸಾಲಿನ ಪಕ್ಕದಲ್ಲಿ ಅವಳು ಆಗಲೇ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿಕೊಂಡು ಬಂದಿದ್ದಳು.