‘ಬರೀ ಡ್ರಿಪ್ ಹಾಕಿದರು’ ಎನ್ನುವ ಪತಿಗೆ ಏನು ಹೇಳಲಿ?

ಪ್ರಶ್ನೆ: ಕಳೆದ ತಿಂಗಳು ನನ್ನ ಪತಿ ಮದ್ಯ ಸೇವಿಸಿ ಮಲಗಿದ ರಾತ್ರಿಯೇ ತೀವ್ರ ಹೊಟ್ಟೆನೋವು ಬಂದು, ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಎಂದು ಐದು ದಿನ ಆಸ್ಪತ್ರೆಯಲ್ಲಿದ್ದರು. ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲುಗಳೂ ಕಂಡವು. “ಬರೀ ಡ್ರಿಪ್ ಹಾಕಿದರು, ಇನ್ನೊಮ್ಮೆ ಬಂದರೆ ಮನೆಯಲ್ಲೇ ಉಪವಾಸ ಇರುತ್ತೇನೆ, ಕಾರಣ ಕಲ್ಲು, ಕುಡಿತವಲ್ಲ” ಎನ್ನುತ್ತಾ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಿದ್ದಾರೆ. ನಾನೇನು ಮಾಡಲಿ? ಊಟ ಹೇಗಿರಬೇಕು?

ಉತ್ತರ: ಅವರು ಹಗುರವಾಗಿ ಕಂಡ ಆ ಡ್ರಿಪ್ಪೇ ಮುಖ್ಯ ಚಿಕಿತ್ಸೆ. ಮೇದೋಜ್ಜೀರಕ ಗ್ರಂಥಿ ಊದಿಕೊಂಡಾಗ ರಕ್ತನಾಳಗಳಿಂದ ನೀರಿನಂಶ ಸುತ್ತಲಿನ ಅಂಗಾಂಶಗಳಿಗೆ ಸೋರಿಹೋಗುತ್ತದೆ. ವಾಂತಿಯಾಗುತ್ತಿರುವವರು ಅದನ್ನು ಕುಡಿದು ತುಂಬಿಕೊಳ್ಳಲಾರರು, ಹಾಗಾಗಿ ರಕ್ತದೊತ್ತಡ ಕುಸಿದು ಮೂತ್ರಪಿಂಡಗಳು ಸೊರಗುತ್ತವೆ. ದಾದಿಯರು ಮೂತ್ರವನ್ನು ಅಳೆದು ಬರೆದಿಡುವುದು ಇದಕ್ಕಾಗಿಯೇ: 60 ಕಿಲೊ ತೂಕದವರಲ್ಲಿ ಅದು ಗಂಟೆಗೆ ಸುಮಾರು 30 ಮಿಲಿಲೀಟರ್‌ಗಿಂತ ಕಡಿಮೆಯಾದರೆ ಎಚ್ಚರಿಕೆಯ ಸೂಚನೆ. ದ್ರವ ಅತಿಯಾದರೆ ಶ್ವಾಸಕೋಶಕ್ಕೆ ಹೊರೆಯಾಗುವುದರಿಂದ ಆಮ್ಲಜನಕದ ಮಟ್ಟವನ್ನೂ ನೋಡುತ್ತಿರುತ್ತಾರೆ. ಯಾರ ಕಾಯಿಲೆ ತಾನಾಗಿ ಇಳಿಯುತ್ತದೆ, ಯಾರದು ಅಂಗಾಂಗ ವೈಫಲ್ಯಕ್ಕೆ ತಿರುಗುತ್ತದೆ ಎಂಬುದು ಮೊದಲ ಗಂಟೆಗಳಲ್ಲಿ ನೋವಿನಿಂದಾಗಲೀ ರಕ್ತದಲ್ಲಿ ಲೈಪೇಸ್ ಎಂಬ ಕಿಣ್ವ ಎಷ್ಟು ಏರಿದೆ ಎಂಬುದರಿಂದಾಗಲೀ ತಿಳಿಯದು. ಇಂಥದೇ ನೋವು ಹೃದಯಾಘಾತದಲ್ಲೂ ಬರಬಹುದೆಂಬುದು ಬೇರೆ ಮಾತು. ಆದ್ದರಿಂದ ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹಾಯ್ದರೆ, ವಾಂತಿ ನಿಲ್ಲದಿದ್ದರೆ, ಜ್ವರವೋ ಕಾಮಾಲೆಯೋ ಕಾಣಿಸಿಕೊಂಡರೆ ಮಾತ್ರೆ ನುಂಗಿ ಕಾಯದೆ ತಕ್ಷಣ ಕರೆದೊಯ್ಯಿರಿ.

ಕಾರಣ ಕಲ್ಲೋ ಕುಡಿತವೋ ಎಂಬ ವಾದವನ್ನು ಬಿಟ್ಟುಬಿಡಿ. ಎರಡೂ ಇರುವಾಗ ಒಂದರ ಹೆಸರಿನಲ್ಲಿ ಇನ್ನೊಂದನ್ನು ಕ್ಷಮಿಸಲಾಗದು. ಕಲ್ಲು ಜಾರಿ ಪಿತ್ತನಾಳದ ತುದಿಯಲ್ಲಿ ಸಿಕ್ಕಿದರೆ ನೋವು ಮರಳುತ್ತದೆ, ಪಥ್ಯದಿಂದ ಕಲ್ಲು ಕರಗುವುದಿಲ್ಲ. ಕಲ್ಲಿನಿಂದಾದ ಸೌಮ್ಯ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಅದೇ ದಾಖಲಾತಿಯಲ್ಲೇ ಪಿತ್ತಕೋಶವನ್ನು ತೆಗೆಯುವುದು ಈ ಕಾರಣಕ್ಕೆ. ಈ ವಾರವೇ ಶಸ್ತ್ರವೈದ್ಯರ ಸಮಯ ಗೊತ್ತುಮಾಡಿ. ಮದ್ಯವನ್ನು ಪೂರ್ತಿ ಬಿಡಬೇಕು, ಧೂಮಪಾನವಿದ್ದರೆ ಅದನ್ನೂ. ಅವರು ದಿನವೂ ಕುಡಿಯುವವರಾದರೆ ಥಟ್ಟನೆ ನಿಲ್ಲಿಸಿದಾಗ ನಡುಕ, ಗೊಂದಲ, ಫಿಟ್ಸ್ ಬರಬಹುದಾದ್ದರಿಂದ ಎಷ್ಟು ಕುಡಿಯುತ್ತಿದ್ದರೆಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಇನ್ನು ಊಟ. ವಾರಗಟ್ಟಲೆ ಉಪವಾಸವಿದ್ದು ಗ್ರಂಥಿಗೆ ‘ವಿಶ್ರಾಂತಿ’ ಕೊಡಬೇಕೆಂಬುದು ಹಳೆಯ ನಂಬಿಕೆ. ಸೌಮ್ಯ ಪ್ರಕರಣಗಳಲ್ಲಿ ನೋವು, ವಾಂತಿ ಇಳಿಯುತ್ತಿದ್ದಂತೆಯೇ, ಒಂದೆರಡು ದಿನದೊಳಗೇ, ಕಡಿಮೆ ಕೊಬ್ಬಿನ ಗಟ್ಟಿ ಆಹಾರವನ್ನೇ ಕೊಡಲು ಆರಂಭಿಸುತ್ತಾರೆ. ಮನೆಯಲ್ಲಿ ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳಿರಲಿ, ಕರಿದದ್ದು ಮತ್ತು ಕೆನೆ ಬೇಡ, ಬೇಳೆಕಾಳು, ಮೊಟ್ಟೆಯ ಬಿಳಿಭಾಗದಂಥ ಪ್ರೋಟೀನ್ ಮಾತ್ರ ಕಡಿಮೆಯಾಗದಿರಲಿ. ಉಂಡ ನಂತರ ನೋವು ಮರುಕಳಿಸಿದರೆ ವೈದ್ಯರಿಗೆ ತಿಳಿಸಿ. ಮಲ ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತ, ತೂಕವೂ ಇಳಿಯುತ್ತಿದ್ದರೆ ಜೀರ್ಣರಸ ಸಾಲುತ್ತಿಲ್ಲವೆಂದು ಶಂಕಿಸಬೇಕು. ಅದಕ್ಕೆ ಊಟದೊಂದಿಗೆ ತೆಗೆದುಕೊಳ್ಳುವ ಕಿಣ್ವದ ಕ್ಯಾಪ್ಸೂಲ್‌ಗಳಿವೆ.