ನೇರಳೆ ಹೂವಿನ ಸಾಲುಮರ ಕಂಡರೆ ಅದು ಉಷ್ಣವಲಯದ ಊರೇ?

ಪ್ರಶ್ನೆ: ಹಳೆಯ ಆಲ್ಬಮ್‌ನಲ್ಲಿ ಯಾವುದೋ ನಗರದ ಬಣ್ಣದ ಫೋಟೋ ಸಿಕ್ಕಿದೆ. ರಸ್ತೆಯ ಎರಡೂ ಬದಿ ನೇರಳೆ ಹೂ ತುಂಬಿದ ಮರಗಳು. ಒಂದು ಮನೆಯ ಅಂಗಳದಲ್ಲಿ ಕಾಗದದ ಹೂವಿನ ಬಳ್ಳಿ, ಹಣ್ಣು ಬಿಟ್ಟ ಕಿತ್ತಳೆ ಗಿಡ, ದಪ್ಪ ಕಾಂಡದ ಈಚಲಿನಂಥ ಮರ. ಮೂಲೆಯಲ್ಲಿ ತೊಗಟೆ ಚಕ್ಕೆಯೆದ್ದ ದೊಡ್ಡ ಹಸಿರು ಮರ. ಇದು ಉಷ್ಣವಲಯದ ಊರೇ? ಗಿಡ ನೋಡಿ ಊರು ಹೇಳಬಹುದೇ?

ಉತ್ತರ:

ಉಷ್ಣವಲಯದ ಬಯಲೂರು ಅಲ್ಲ ಅಂತ ಸಾಕಷ್ಟು ಧೈರ್ಯದಿಂದ ಹೇಳಬಲ್ಲೆ. ಊರಿನ ಹೆಸರು ಹೇಳುವಷ್ಟು ಆಧಾರ ಗಿಡಗಳಲ್ಲಿಲ್ಲ. ಆದರೆ ಅಲ್ಲಿನ ಚಳಿಗಾಲ ಹೇಗಿರುತ್ತದೆ, ಮಳೆ ಯಾವಾಗ ಬರುತ್ತದೆ ಅನ್ನುವುದರ ಹತ್ತಿರಕ್ಕೆ ಹೋಗಬಹುದು.

ಮೊದಲು ಆ ನೇರಳೆ ಮರ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಫೋಟೋದಲ್ಲಿ ದೂರದಿಂದ ಒಂದೇ ಥರ ಕಾಣುವ ನೇರಳೆ ಮರಗಳು ಮೂರು ಇವೆ, ಮೂರೂ ಹೇಳುವ ಹವೆ ಬೇರೆ ಬೇರೆ. ಹೊಳೆದಾಸವಾಳಕ್ಕೆ ಅಗಲವಾದ ಬಿಡಿ ಎಲೆ. ಹೂ ಬಿಡುವಾಗಲೂ ಎಲೆ ಮೈತುಂಬ ಇರುತ್ತದೆ, ಹೂಗೊಂಚಲು ಕೊಂಬೆಯ ತುದಿಯಲ್ಲಿ ಎದ್ದು ನಿಲ್ಲುತ್ತದೆ. ಅದಾಗಿದ್ದರೆ ಸೆಕೆ, ತೇವ ಎರಡೂ ಇರುವ ಊರು. ಎರಡನೆಯದು ಪೌಲೋನಿಯಾ, ಚೀನಾ ಮೂಲದ್ದು. ಎಲೆ ಬರುವ ಮೊದಲೇ ಹೂ ಬಿಡುವುದರಿಂದ ಜನ ಇದನ್ನೇ ಜಕರಂದ ಅಂದುಕೊಳ್ಳುತ್ತಾರೆ. ಆದರೆ ಇದು ಹಿಮ ಬೀಳುವ ಊರುಗಳಲ್ಲೂ ಆರಾಮಾಗಿ ಬದುಕುತ್ತದೆ. ಎಲೆ ಬಂದ ಮೇಲೆ ನೋಡಿದರೆ ಹೃದಯಾಕಾರದ ದೊಡ್ಡ ಎಲೆ, ಕಾಯಿ ಸಣ್ಣ ಮೊಟ್ಟೆಯಂತೆ. ಮೂರನೆಯದು ಜಕರಂದ. ಜರೀಗಿಡದ ಹಾಗೆ ನುಣ್ಣಗೆ ಸೀಳಿದ ಎಲೆ, ಚಪ್ಪಟೆಯಾದ ಗುಂಡು ಬಿಲ್ಲೆಯಂಥ ಕಾಯಿ. ಹಳೆಯ ಕಾಯಿ ಒಣಗಿ ಕೊಂಬೆಯಲ್ಲೇ ಉಳಿಯುತ್ತದೆ, ಹಾಗಾಗಿ ಹೂ ತುಂಬಿದ ಮರದಲ್ಲೂ ಹಿಂದಿನ ವರ್ಷದ ಬಿಲ್ಲೆಗಳು ಕಪ್ಪಗೆ ಕಾಣುತ್ತವೆ. ಫೋಟೋವನ್ನು ಹೆಚ್ಚು ರೆಸಲ್ಯೂಶನ್‌ನಲ್ಲಿ ಸ್ಕ್ಯಾನ್ ಮಾಡಿ, ಆಕಾಶದ ಹಿನ್ನೆಲೆ ಇರುವ ಕೊಂಬೆಗಳಲ್ಲಿ ಈ ಬಿಲ್ಲೆ ಹುಡುಕಿ. ಕಂಡರೆ ಅನುಮಾನ ಮುಗಿಯಿತು.

ಜಕರಂದ ಅಂತಲೇ ಇಟ್ಟುಕೊಂಡು ಮುಂದೆ ಹೋಗೋಣ. ಇದರ ತವರು ದಕ್ಷಿಣ ಅಮೆರಿಕ, ಅರ್ಜೆಂಟೀನಾದ ವಾಯವ್ಯ ಭಾಗ ಮತ್ತು ಅದಕ್ಕೆ ಹೊಂದಿಕೊಂಡ ಬೊಲಿವಿಯಾ. ಅಲ್ಲಿಂದ ಅದು ಹೋಗದ ದೇಶವಿಲ್ಲ. ಪ್ರಿಟೋರಿಯಾದಲ್ಲಿ ಅಕ್ಟೋಬರ್‌ನಿಂದ ನವೆಂಬರ್, ಬ್ಯೂನಸ್ ಐರಿಸ್‌ನಲ್ಲಿ ನವೆಂಬರ್, ಲಿಸ್ಬನ್ ಮತ್ತು ಲಾಸ್ ಏಂಜಲೀಸ್‌ನಲ್ಲಿ ಮೇ ಮತ್ತು ಜೂನ್, ಮೆಕ್ಸಿಕೋ ನಗರದಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಅದರ ಹೂವಿನ ಕಾಲ. ಅಂದರೆ ಈ ಮರವೊಂದೇ ನಿಮ್ಮನ್ನು ಯಾವ ಊರಿಗೂ ಕರೆದೊಯ್ಯುವುದಿಲ್ಲ. ಅದು ಹೇಳುವುದು ಎರಡೇ ಸಂಗತಿ. ಒಂದು, ಅಲ್ಲಿ ಗಟ್ಟಿ ಹಿಮಗಾಲ ಇಲ್ಲ. ಬಲಿತ ಮರ ಮೈನಸ್ 5 ಡಿಗ್ರಿ ಆಸುಪಾಸಿನ ಒಂದೆರಡು ರಾತ್ರಿಯನ್ನು ತಡೆದುಕೊಂಡೀತು, ಎಳೆಯ ಗಿಡ ಅದಕ್ಕಿಂತ ತುಂಬಾ ಮೊದಲೇ ಸುಟ್ಟುಹೋಗುತ್ತದೆ. ಎರಡು, ವರ್ಷದಲ್ಲಿ ಒಂದಿಷ್ಟು ಕಾಲ ಒಣಹವೆಯೋ ತಂಪೋ ಇದೆ. ವರ್ಷಪೂರ್ತಿ ಸೆಕೆ ಮತ್ತು ಮಳೆ ಇರುವ ಕಡೆ ಮರ ಬೆಳೆಯುತ್ತದೆ, ಎಲೆ ಸೊಂಪಾಗಿರುತ್ತದೆ, ಹೂ ಮಾತ್ರ ಬಡವಾಗಿರುತ್ತದೆ. ನಿಮ್ಮ ಫೋಟೋದಲ್ಲಿ ಇಡೀ ರಸ್ತೆಯೇ ನೇರಳೆಯಾಗಿದೆ. ಸಮಭಾಜಕದ ಹತ್ತಿರದ ಕರಾವಳಿಯನ್ನು ನಾನು ಬಿಡುವುದು ಇದೇ ಕಾರಣಕ್ಕೆ.

ಮೆಕ್ಸಿಕೋ ನಗರದ ಜಕರಂದಗಳ ಹಿಂದೆ ಒಂದು ಪ್ರಸಂಗವಿದೆ, ಇಲ್ಲಿಗೆ ಅದು ಚೆನ್ನಾಗಿ ಹೊಂದುತ್ತದೆ. 1930ರ ಸುಮಾರಿಗೆ ಅಲ್ಲಿನ ಸರ್ಕಾರ ಜಪಾನಿನ ಚೆರ್ರಿ ಮರಗಳನ್ನು ಬೀದಿಗಳಲ್ಲಿ ನೆಡಲು ಬಯಸಿತ್ತು. ಅಲ್ಲೇ ನೆಲೆಸಿದ್ದ ತತ್ಸುಗೊರೊ ಮಾತ್ಸುಮೊತೊ ಎಂಬ ಜಪಾನಿ ತೋಟಗಾರ, ಇಲ್ಲಿನ ಚಳಿ ಸಾಲದು, ಚೆರ್ರಿ ಹೂ ಬಿಡುವುದಿಲ್ಲ ಅಂದರು. ಅವರ ಸಲಹೆಯಿಂದ ಅಲ್ಲಿ ಹರಡಿದ್ದು ಜಕರಂದ. ಚೆರ್ರಿಗೆ ಚಳಿ ಬೇಕೇ ಬೇಕು, ಜಕರಂದಕ್ಕೆ ಗಟ್ಟಿ ಚಳಿ ಆಗದು. ಫೋಟೋ ಓದುವಾಗ ನಾನು ಹುಡುಕುವುದು ಇಂಥ ಜೋಡಿಯನ್ನೇ. ಚಳಿ ಸಹಿಸದ ಗಿಡ ಒಂದು ಕಡೆಯ ಗಡಿ, ಚಳಿ ಬೇಡುವ ಗಿಡ ಇನ್ನೊಂದು ಕಡೆಯ ಗಡಿ. ಎರಡರ ನಡುವೆ ಉಳಿದದ್ದು ಆ ಊರಿನ ಹವೆ.

ನಿಮ್ಮ ಫೋಟೋದಲ್ಲಿ ಚಳಿಯ ಕಡೆಯ ಸಾಕ್ಷಿ ಕಿತ್ತಳೆ ಗಿಡ. ಹಣ್ಣಿನ ಬಣ್ಣ ಅಚ್ಚ ಕಿತ್ತಳೆಯೇ ಅಂತ ನೋಡಿ. ಕಿತ್ತಳೆ ಹಣ್ಣಾಗುವುದಕ್ಕೂ ಸಿಪ್ಪೆ ಬಣ್ಣ ತಿರುಗುವುದಕ್ಕೂ ಸಂಬಂಧ ಕಡಿಮೆ. ರಾತ್ರಿಗಳು ತಂಪಾದಾಗ ಸಿಪ್ಪೆಯ ಹಸಿರು ಕರಗಿ ಒಳಗಿನ ಬಣ್ಣ ಮೇಲೆ ಬರುತ್ತದೆ. ರಾತ್ರಿಯೂ ಬೆಚ್ಚಗಿರುವ ತಗ್ಗುಪ್ರದೇಶದಲ್ಲಿ ಒಳಗೆ ಸಿಹಿಯಾದ ಹಣ್ಣೂ ಹೊರಗೆ ಹಸಿರಾಗಿಯೋ ಮಾಸಲು ಹಳದಿಯಾಗಿಯೋ ಉಳಿಯುತ್ತದೆ. ಆದ್ದರಿಂದ ಅಚ್ಚ ಬಣ್ಣದ ಕಿತ್ತಳೆ ಅಂದರೆ ಅಲ್ಲಿ ತಂಪು ರಾತ್ರಿಗಳ ಕಾಲವೊಂದು ಕಳೆದಿದೆ ಅಂತ ಅರ್ಥ. ಅದೇ ಅಂಗಳದ ಕಾಗದದ ಹೂವು ಎದುರಿನ ಗಡಿ ಹಾಕುತ್ತದೆ. ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿಳಿದರೆ ಆ ಬಳ್ಳಿ ಬುಡದ ತನಕ ಒಣಗುತ್ತದೆ. ತಂಪು ಉಂಟು, ಗಟ್ಟಿ ಹಿಮ ಇಲ್ಲ.

ಇಲ್ಲೊಂದು ಎಚ್ಚರ. ಅಂಗಳದ ಗಿಡಕ್ಕಿಂತ ಬೀದಿಯ ಮರದ ಮಾತಿಗೆ ಹೆಚ್ಚು ಬೆಲೆ ಕೊಡಿ. ಬಿಸಿಲಿಗೆ ಮುಖ ಮಾಡಿದ ಗೋಡೆಗೆ ಒರಗಿದ ಬಳ್ಳಿ, ಆ ಊರಿನ ಚಳಿಯಲ್ಲಿ ಬಯಲಲ್ಲಿ ಬದುಕದಿದ್ದರೂ ಅಲ್ಲಿ ಬದುಕುತ್ತದೆ. ಕುಂಡದ ಗಿಡವನ್ನಂತೂ ಚಳಿಗಾಲದಲ್ಲಿ ಒಳಗೆ ಎತ್ತಿಡಬಹುದು, ಅದು ಸಾಕ್ಷಿಯೇ ಅಲ್ಲ. ನೀರಿನ ವಿಷಯವೂ ಹಾಗೆಯೇ. ಮಳೆ ಇಲ್ಲದ ಊರಲ್ಲೂ ನೀರು ಹಾಯಿಸಿ ತೋಟ ಮಾಡಬಹುದು, ಆದರೆ ಒಂದು ಮೈಲಿ ಸಾಲುಮರಕ್ಕೆ ಹಿಮದ ರಾತ್ರಿ ಹೊದಿಕೆ ಹೊದಿಸಲು ಆಗದು. ಎರಡಂತಸ್ತಿನ ಮನೆಯ ಎತ್ತರ ದಾಟಿದ ಜಕರಂದಗಳು ಸಾಲಾಗಿ ನಿಂತಿವೆ ಅಂದರೆ, ಆ ಊರು ಹಲವು ವರ್ಷ ಒಂದೇ ಒಂದು ಕೊಲ್ಲುವ ರಾತ್ರಿಯನ್ನೂ ಕಂಡಿಲ್ಲ.

ಈಚಲಿನಂಥ ಮರದ ಬಗ್ಗೆ ನಿಧಾನಿಸಿ. ತಾಳೆಯ ಜಾತಿ ಕಂಡ ಕೂಡಲೇ ಸೆಕೆ ಅನ್ನುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಕಾಂಡದ ತುಂಬ ನಾರು ಸುತ್ತಿದ, ಬೀಸಣಿಗೆ ಎಲೆಯ ಮರವಿದ್ದ ಫೋಟೋ ನೋಡಿ ಒಬ್ಬರಿಗೆ ಉಷ್ಣವಲಯ ಅಂದುಬಿಟ್ಟೆ. ಅದು ದಕ್ಷಿಣ ಇಂಗ್ಲೆಂಡಿನ ಕಡಲತೀರದ ಊರಾಗಿತ್ತು. ಆ ಜಾತಿಯ ಹೆಸರು ಟ್ರಾಕಿಕಾರ್ಪಸ್, ಹಿಮದಲ್ಲೂ ನಿಲ್ಲುತ್ತದೆ. ನೀವು ಹೇಳುವ ದಪ್ಪ ಕಾಂಡದ ಮೇಲೆ ವಜ್ರದಾಕಾರದ ಗುರುತುಗಳು ಸಾಲಾಗಿದ್ದು, ತಲೆಯಲ್ಲಿ ನೂರಾರು ಗರಿಗಳ ದಟ್ಟ ಚೆಂಡು ಇದ್ದರೆ ಅದು ಕ್ಯಾನರಿ ದ್ವೀಪದ ಈಚಲು. ಬೆಚ್ಚಗಿನ ಚಳಿಗಾಲದ ಊರುಗಳೆಲ್ಲ ಇದನ್ನು ನೆಟ್ಟುಕೊಂಡಿವೆ. ತೆಂಗಿನ ವಿಷಯ ಬೇರೆ. ಕಾಯಿ ಕಟ್ಟಿದ ತೆಂಗು ಫೋಟೋದಲ್ಲಿ ಇದ್ದಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಲೇ ಇರಲಿಲ್ಲ, ಹೌದು ಉಷ್ಣವಲಯ ಅಂದುಬಿಡುತ್ತಿದ್ದೆ.

ತೊಗಟೆ ಚಕ್ಕೆಯೆದ್ದ ಮರ ಬಹುಶಃ ಪ್ಲೇನ್, ನಮಗೆ ಹೆಸರಿನಿಂದ ಗೊತ್ತಿರುವ ಚಿನಾರ್‌ನ ಬಳಗ. ನೀಲಗಿರಿಯ ತೊಗಟೆಯೂ ಸುಲಿಯುತ್ತದೆ, ಆದ್ದರಿಂದ ಎಲೆ ನೋಡಿ. ಪ್ಲೇನ್ ಎಲೆ ಬಿಚ್ಚಿದ ಅಂಗೈಯಂತೆ ಇರುತ್ತದೆ, ಉದ್ದ ತೊಟ್ಟಿನಲ್ಲಿ ಗುಂಡು ಕಾಯಿ ತೂಗುತ್ತದೆ. ಚಳಿಗಾಲದಲ್ಲಿ ಇದು ಬೋಳಾಗುತ್ತದೆ. ಈಗ ಎಲೆ ಪೂರ್ತಿ ಬಿಚ್ಚಿದೆ ಅಂದರೆ ವಸಂತ ಮುಗಿಯುತ್ತ ಬಂದಿದೆ. ಹೀಗೆ ಪ್ಲೇನ್ ಮತ್ತು ಜಕರಂದ ಒಂದೇ ರಸ್ತೆಯಲ್ಲಿ ಚೆನ್ನಾಗಿರುವ ಊರುಗಳು ಹೆಚ್ಚಾಗಿ ಮೂರು ಬಗೆ. ಚಳಿಗಾಲದಲ್ಲಿ ಮಳೆ, ಬೇಸಿಗೆ ಒಣ ಇರುವ ಲಿಸ್ಬನ್, ಲಾಸ್ ಏಂಜಲೀಸ್, ಪರ್ತ್ ಬಗೆ. ಬೇಸಿಗೆಯಲ್ಲಿ ಮಳೆ, ಚಳಿಗಾಲ ಒಣ ಇರುವ ಪ್ರಿಟೋರಿಯಾ ಬಗೆ. ವರ್ಷವಿಡೀ ಮಳೆ ಹಂಚಿಕೊಂಡಿರುವ ಬ್ಯೂನಸ್ ಐರಿಸ್ ಬಗೆ.

ಈ ಮೂರನ್ನು ಬೇರೆ ಮಾಡುವುದು ಯಾರೂ ನೆಡದ, ಯಾರೂ ನೀರು ಹಾಕದ ಗಿಡ. ಗೋಡೆಯ ಬುಡ, ಖಾಲಿ ಸೈಟು, ರಸ್ತೆಯ ಅಂಚು ನೋಡಿ. ಅಲ್ಲಿನ ಹುಲ್ಲು ತೆನೆ ಬಿಟ್ಟು ಒಣಗಿ ಹಸಿರಿನಿಂದ ಗೋಧಿಯ ಬಣ್ಣಕ್ಕೆ ತಿರುಗಿದ್ದರೆ ಮೊದಲ ಬಗೆ. ಅಲ್ಲಿ ಜಕರಂದ ಅರಳುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಒಣಗಿದ ಹಳೆ ಹುಲ್ಲಿನ ಬುಡದಿಂದ ಹಸಿರು ಚಿಗುರು ಏಳುತ್ತಿದ್ದರೆ ಎರಡನೆಯದು, ಮಳೆ ಈಗಷ್ಟೇ ಶುರುವಾಗುತ್ತಿದೆ. ಎಲ್ಲ ಕಡೆ ಸೊಂಪಾದ ಹಸಿರಾದರೆ ಮೂರನೆಯದು. ಕತ್ತರಿಸಿದ ಲಾನ್ ನೋಡಿ ತೀರ್ಮಾನಿಸಬೇಡಿ, ಅದಕ್ಕೆ ಪೈಪಿನ ನೀರು ಬಿದ್ದಿರುತ್ತದೆ.

ಹುಲ್ಲು ಒಣಗಿದ್ದು, ಕಿತ್ತಳೆಯ ಬಣ್ಣ ಅಚ್ಚಾಗಿದ್ದರೆ ನಾನು ಮೊದಲ ಬಗೆಗೆ ಹೋಗುತ್ತೇನೆ. ಆಮೇಲೂ ಲಿಸ್ಬನ್ನೋ ಪರ್ತೋ ಅನ್ನುವುದು ಉಳಿಯುತ್ತದೆ. ಇವೆರಡೂ ಒಂದೇ ಗಿಡಗಳನ್ನು ಹಂಚಿಕೊಂಡಿವೆ. ಹಿನ್ನೆಲೆಯಲ್ಲಿ ಛತ್ರಿಯಂತೆ ತಲೆ ಬಿಡಿಸಿದ ಪೈನ್ ಕಂಡರೆ ಮೆಡಿಟರೇನಿಯನ್ ಅನ್ನಲು ಮನಸ್ಸಾಗುತ್ತದೆ, ಆದರೆ ಅದನ್ನೂ ಕೇಪ್‌ಟೌನಿಗೆ, ಕ್ಯಾಲಿಫೋರ್ನಿಯಾಕ್ಕೆ ಒಯ್ದು ನೆಟ್ಟಿದ್ದಾರೆ. ದೂರದ ಗುಡ್ಡದಲ್ಲಿ ತಾನಾಗಿ ಹಬ್ಬಿದ ಕಾಡು ಕಂಡರೆ ಮಾತ್ರ ಅದನ್ನು ನಂಬಿ. ನೀಲಗಿರಿಯೇ ಕಾಡಾಗಿ ನಿಂತಿದ್ದು, ಅದರ ನಡುವೆ ನೆಟ್ಟ ಸಾಲಿನ ಅಚ್ಚುಕಟ್ಟು ಕಾಣದಿದ್ದರೆ ಆಸ್ಟ್ರೇಲಿಯಾದ ಕಡೆ ತಕ್ಕಡಿ ವಾಲುತ್ತದೆ.

ಇನ್ನೊಂದು ಕೆಲಸ ಮಾಡಿ. ಫೋಟೋ ತಿರುಗಿಸಿ ಹಿಂಬದಿ ಮತ್ತು ಬಿಳಿ ಅಂಚು ನೋಡಿ. ಹಳೆಯ ಬಣ್ಣದ ಪ್ರಿಂಟುಗಳ ಮೇಲೆ ಎಷ್ಟೋ ಸಲ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ಪ್ರಿಂಟ್ ಹಾಕಿದ ತಿಂಗಳು, ತೆಗೆದದ್ದು ಅದಕ್ಕಿಂತ ಒಂದಿಷ್ಟು ಮೊದಲು. ಜೂನ್ ಅಥವಾ ಜುಲೈ ಅಂತ ಇದ್ದರೆ ಉತ್ತರ ಗೋಳಾರ್ಧ, ಡಿಸೆಂಬರ್ ಆಸುಪಾಸಾದರೆ ದಕ್ಷಿಣ. ಅಂಚಿನ ಅಕ್ಷರ, ಗೋಡೆ ಬುಡದ ಹುಲ್ಲು, ಕಾಯಿ ಇರುವ ಕೊಂಬೆ, ಈ ಮೂರನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ, ಮತ್ತೊಮ್ಮೆ ನೋಡುತ್ತೇನೆ.